‘ಒಬ್ಬರು ಸೇರಿದರೆ ಎರಡು ಊಟ’: ಮನೆ ಊಟದ ಡಬ್ಬಿಗೆ ರೆಫರಲ್ ಪ್ರಕಟಣೆ ಬರೆಯುವುದು

(ಮನೆಯಿಂದ ಊಟದ ಡಬ್ಬಿ ಕಳಿಸುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡಬೇಕಿರುವುದು ಒಂದು ಸಣ್ಣ ವಾಟ್ಸಾಪ್ ಸಂದೇಶದ ಬಗ್ಗೆ. ‘ನಿಮ್ಮ ಸ್ನೇಹಿತರನ್ನು ಸೇರಿಸಿ, ನಿಮಗೆ ಇಷ್ಟು ಕೊಡುತ್ತೇವೆ’ ಅನ್ನುವ ಸಂದೇಶ. ಅದನ್ನು ಬರೆಯಲು ಹತ್ತು ನಿಮಿಷ ಸಾಕು. ಬರೆಯುವ ಮೊದಲು ತೀರ್ಮಾನಿಸಬೇಕಾದ್ದನ್ನು ತೀರ್ಮಾನಿಸದೇ ಕಳಿಸಿಬಿಟ್ಟರೆ, ಮುಂದಿನ ಎರಡು ತಿಂಗಳು ಅದೇ ಸಂದೇಶದ ಬಗ್ಗೆ ಫೋನಿನಲ್ಲಿ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ.

ಸಾಮಾನ್ಯವಾಗಿ ಓಡಾಡುವ ನಮೂನೆ ಹೀಗಿರುತ್ತದೆ: ‘ಧಮಾಕಾ ಆಫರ್! ನಿಮ್ಮ ಫ್ರೆಂಡ್ಸ್‌ಗೆ ನಮ್ಮ ರುಚಿಯಾದ, ಆರೋಗ್ಯಕರ, ಮನೆಯಂಥದೇ ಊಟದ ಬಗ್ಗೆ ತಿಳಿಸಿ, ಆಕರ್ಷಕ ಬಹುಮಾನ ಗೆಲ್ಲಿ! ಷರತ್ತುಗಳು ಅನ್ವಯಿಸುತ್ತವೆ. ತ್ವರೆ ಮಾಡಿ!’ ಇದರಲ್ಲಿ ಬಹುಮಾನ ಏನು, ಯಾವಾಗ ಸಿಗುತ್ತದೆ, ಯಾರಿಗೆ ಹೇಳಬೇಕು, ಹೇಳಿದವರು ಏನು ಮಾಡಬೇಕು ಎಂಬ ನಾಲ್ಕರಲ್ಲಿ ಒಂದೂ ಇಲ್ಲ. ‘ತಿಳಿಸಿ, ಗೆಲ್ಲಿ’ ಎಂದದ್ದನ್ನು ಓದಿದ ಹುಡುಗ ಪಿ.ಜಿ.ಯ ಗುಂಪಿಗೆ ಫಾರ್ವರ್ಡ್ ಮಾಡಿ, ‘ಆಂಟಿ, ನಾನು ಇಪ್ಪತ್ತು ಜನಕ್ಕೆ ತಿಳಿಸಿದ್ದೀನಿ, ನನ್ನ ಬಹುಮಾನ ಯಾವಾಗ?’ ಎಂದು ಕೇಳಿದರೆ ಅವನದೇನೂ ತಪ್ಪಿಲ್ಲ. ಬರೆದದ್ದು ಹಾಗೇ ಇದೆ.

ಹಾಗಾಗಿ ಮೊದಲು ಲೆಕ್ಕ. ಬೆಂಗಳೂರಿನ ವಿಜಯನಗರದಲ್ಲಿ ಒಂದು ಅಡುಗೆಮನೆ ಇದೆ ಎಂದು ಇಟ್ಟುಕೊಳ್ಳೋಣ. ಮಧ್ಯಾಹ್ನಕ್ಕೆ ಮಾತ್ರ ಊಟ: ಮೂರು ಚಪಾತಿ, ಪಲ್ಯ, ಅನ್ನ, ಹುಳಿ ಅಥವಾ ಸಾರು, ಮಜ್ಜಿಗೆ. ಸೋಮವಾರದಿಂದ ಶನಿವಾರ. ಊಟಕ್ಕೆ ₹90, ತಿಂಗಳಿಗೆ 26 ಊಟ, ಒಟ್ಟು ₹2,340. ಒಂದು ಊಟಕ್ಕೆ ಕೈಯಿಂದ ಹೋಗುವುದು: ದಿನಸಿ, ತರಕಾರಿ, ಮೊಸರಿಗೆ ₹42, ಗ್ಯಾಸಿಗೆ ₹5, ಡಬ್ಬಿ ತೊಳೆಯುವುದು ಮತ್ತು ಪ್ಯಾಕಿಂಗಿಗೆ ₹4, ತಲುಪಿಸುವವರಿಗೆ ₹14. ಒಟ್ಟು ₹65. ಉಳಿಯುವುದು ₹25, ಮಾಡುವವರ ಶ್ರಮವೂ ಅದರಲ್ಲೇ ಬಂತು. ನಿಮ್ಮ ಮನೆಯ ಅಂಕಿಗಳು ಬೇರೆಯಾಗಿರುತ್ತವೆ, ಅವನ್ನೇ ಹಾಕಿಕೊಳ್ಳಿ. ಲೆಕ್ಕದ ದಾರಿ ಮಾತ್ರ ಇದೇ.

ಒಬ್ಬ ಹೊಸಬರು ಪೂರ್ತಿ ತಿಂಗಳು ಉಂಡರೆ ಉಳಿಯುವುದು 26 × 25, ಅಂದರೆ ₹650. ಬಹುಮಾನ ಈ ಹಣದೊಳಗಿಂದ ಬರಬೇಕು. ಕರೆತಂದವರಿಗೆ ₹500 ನಗದು ಎಂದರೆ ಸಂದೇಶ ಜೋರಾಗಿ ಕಾಣುತ್ತದೆ. ಆದರೆ ಮೊದಲ ತಿಂಗಳ ದುಡಿಮೆಗೆ ₹150 ಮಾತ್ರ ಉಳಿದಂತಾಯಿತು. ಇನ್ನೊಂದು ಆಸೆ, ‘ಇಬ್ಬರಿಗೂ ಶೇ. 10 ರಿಯಾಯಿತಿ’. ಇದು ಇನ್ನೂ ಅಪಾಯಕಾರಿ. ಶೇ. 10 ಕೇಳಲು ಸಣ್ಣದು, ಊಟಕ್ಕೆ ₹9 ತಾನೇ. ಆದರೆ ಆ ₹9 ಹೋಗುವುದು ₹90ರಿಂದಲ್ಲ, ಉಳಿಯುವ ₹25ರಿಂದ. ಇಬ್ಬರಿಗೆ ತಿಂಗಳಿಗೆ ₹468. ಮೇಲಾಗಿ ರಿಯಾಯಿತಿ ಒಮ್ಮೆ ಶುರುವಾದರೆ ನಿಲ್ಲಿಸುವುದು ಕಷ್ಟ. ನಿಲ್ಲಿಸಿದ ತಿಂಗಳು ಗಿರಾಕಿಗೆ ಅದು ‘ಬೆಲೆ ಏರಿಸಿದರು’ ಎಂದೇ ಕಾಣುತ್ತದೆ.

ಊಟವನ್ನೇ ಬಹುಮಾನವಾಗಿ ಕೊಡುವುದು ಒಳ್ಳೆಯದು ಎನ್ನುವುದು ಇದಕ್ಕೇ. ಉಣ್ಣುವವರ ಲೆಕ್ಕದಲ್ಲಿ ಒಂದು ಊಟ ₹90, ನಿಮ್ಮ ಲೆಕ್ಕದಲ್ಲಿ ₹65. ಅತಿಥಿ ಬಂದ ದಿನ ಅದೇ ಮನೆಗೆ ಎರಡನೇ ಡಬ್ಬಿಯಾಗಿ ಕಳಿಸಿದರೆ ತಲುಪಿಸುವ ಖರ್ಚೂ ಇಲ್ಲ, ₹51ಕ್ಕೆ ಮುಗಿಯಿತು. ಕರೆತಂದವರಿಗೆ ಎರಡು ಊಟ, ಸೇರಿದವರಿಗೆ ಒಂದು ಊಟ ಎಂದರೆ ಹೆಚ್ಚೆಂದರೆ 3 × 65, ₹195. ₹650ರಲ್ಲಿ ₹455 ಉಳಿಯಿತು, ಎರಡನೇ ತಿಂಗಳಿಂದ ಪೂರ್ತಿ ನಿಮ್ಮದು. ಹೊಸಬರಿಗೂ ಒಂದು ಊಟ ಏಕೆ ಎಂದರೆ, ಪರಿಚಯ ಮಾಡಿಸುವವರಿಗೆ ಸಂಕೋಚ ಇರುತ್ತದೆ. ‘ನನಗೆ ಸಿಗುತ್ತದೆ, ನೀನು ಸೇರು’ ಅನ್ನುವುದಕ್ಕಿಂತ ‘ನಿನಗೂ ಒಂದು ಊಟ ಇದೆ’ ಅನ್ನುವುದು ಬಾಯಿಗೆ ಸುಲಭ.

ಈಗ ‘ಯಾವಾಗ ಕೊಡಬೇಕು’. ಪ್ರಕಟಣೆಯಲ್ಲಿ ಎಲ್ಲರೂ ಬಿಟ್ಟುಬಿಡುವ ಸಾಲು ಇದು, ಜಗಳ ಹುಟ್ಟುವುದೂ ಇಲ್ಲೇ. ಸೇರಿದ ದಿನವೇ ಕೊಟ್ಟುಬಿಟ್ಟರೆ ಏನಾಗುತ್ತದೆ ನೋಡಿ. ಹೊಸಬರು ಒಂದು ವಾರ, ಆರು ಊಟ ಉಂಡು ‘ನನಗೆ ಖಾರ ಹೆಚ್ಚಾಯ್ತು ಆಂಟಿ’ ಎಂದು ಬಿಟ್ಟರೆ ಉಳಿದದ್ದು 6 × 25, ₹150. ಕೊಟ್ಟದ್ದು ₹195. ಅಡುಗೆಯನ್ನೂ ಮಾಡಿ ₹45 ಕೈಯಿಂದ ಹಾಕಿದಂತಾಯಿತು. ₹195 ಹುಟ್ಟಬೇಕಾದರೆ ಕನಿಷ್ಠ ಎಂಟು ಊಟ ಆಗಬೇಕು. ಎಂಟು ಎಂದು ಬರೆಯಬಹುದು, ಆದರೆ ಅದು ಸರಿಯಾಗಿ ಅಂಚಿನ ಮೇಲೆ ನಿಂತಂತೆ. ಹಾಗಂತ ತಿಂಗಳು ಮುಗಿಯಲಿ ಎಂದರೆ ಕರೆತಂದವರಿಗೆ ಮರೆತೇ ಹೋಗಿರುತ್ತದೆ, ಇನ್ನೊಬ್ಬರನ್ನು ಕರೆತರುವ ಉಮೇದೂ ಇರುವುದಿಲ್ಲ. 12 ಊಟ ಎರಡರ ನಡುವಿನದು. ಆರು ದಿನದ ವಾರದಲ್ಲಿ ಅದು ಸರಿಯಾಗಿ ಎರಡು ವಾರ. 6ರ ಸೋಮವಾರ ಶುರು ಮಾಡಿದವರಿಗೆ 18ರ ಶನಿವಾರಕ್ಕೆ ಹನ್ನೆರಡು ಆಗುತ್ತದೆ.

ಆದರೆ ಪ್ರಕಟಣೆಯಲ್ಲಿ ‘ಎರಡು ವಾರ’ ಎಂದು ಬರೆಯಬೇಡಿ, ‘12 ಊಟ’ ಎಂದೇ ಬರೆಯಿರಿ. ಊರಿಗೆ ಹೋಗುವವರು, ನಡುವೆ ನಾಲ್ಕು ದಿನ ಬೇಡ ಅನ್ನುವವರು ಇದ್ದೇ ಇರುತ್ತಾರೆ. ದಿನದ ಲೆಕ್ಕ ಹಿಡಿದರೆ ಐದು ಊಟ ಉಂಡವರ ಹೆಸರಿನಲ್ಲೂ ಬಹುಮಾನ ಕೇಳಬಹುದು.

ಇನ್ನು ಎಷ್ಟು ಜನ. ಬಹುಮಾನದ ಪ್ರಕಟಣೆ ಕೆಲಸ ಮಾಡದಿದ್ದರೆ ನಷ್ಟ ಸ್ವಲ್ಪ, ಬಹಳ ಚೆನ್ನಾಗಿ ಕೆಲಸ ಮಾಡಿದರೆ ನಷ್ಟ ಹೆಚ್ಚು. ನಮ್ಮ ಉದಾಹರಣೆಯ ಮನೆಯಲ್ಲಿ ಈಗ 30 ಡಬ್ಬಿ ಹೋಗುತ್ತವೆ, ದಿನಕ್ಕೆ 90 ಚಪಾತಿ. ಒಂದು ಕೆಜಿ ಗೋಧಿ ಹಿಟ್ಟಿಗೆ ಸುಮಾರು 25 ಚಪಾತಿ ಹಿಡಿದರೆ ಮೂರೂವರೆ ಕೆಜಿ ಮೇಲಾಯಿತು. ಎರಡು ಕಾವಲಿಯ ಮೇಲೆ ಒಂದೊಂದಕ್ಕೆ ಒಂದು ನಿಮಿಷ ಎಂದರೂ ಬೇಯಿಸುವುದಕ್ಕೇ ಮುಕ್ಕಾಲು ಗಂಟೆ. 40 ಡಬ್ಬಿ ಎಂದರೆ 120 ಚಪಾತಿ, ಪೂರ್ತಿ ಒಂದು ಗಂಟೆ. ಆ ಹದಿನೈದು ನಿಮಿಷ ಎಲ್ಲಿಂದ ಬರಬೇಕು? ಡಬ್ಬಿ ಹೊರಡುವುದು ಹನ್ನೊಂದೂಮುಕ್ಕಾಲಿಗೆ ಎಂದಿದ್ದರೆ ಒಲೆ ಹಚ್ಚುವುದು ಕಾಲು ಗಂಟೆ ಮುಂಚೆ ಆಗಬೇಕು, ಲಟ್ಟಿಸಲು ಇನ್ನೊಂದು ಕೈ ಬೇಕು. ಇದನ್ನು ಯೋಚಿಸದೇ ಒಂದೇ ಸೋಮವಾರ ಹತ್ತು ಜನರನ್ನು ಸೇರಿಸಿಕೊಂಡ ಮನೆಗಳಲ್ಲಿ ಆಗುವುದು ಒಂದೇ: ಹುಳಿಗೆ ನೀರು ಬೀಳುತ್ತದೆ, ಚಪಾತಿ ಅರೆಬೆಂದು ಹೋಗುತ್ತದೆ, ಡಬ್ಬಿ ಒಂದೂವರೆಗೆ ತಲುಪುತ್ತದೆ. ಮೊದಲು ಗೊಣಗುವವರು ಹೊಸಬರಲ್ಲ, ಅವರಿಗೆ ಹಿಂದಿನ ರುಚಿ ಗೊತ್ತಿಲ್ಲ. ಗೊಣಗುವುದು ಎರಡು ವರ್ಷದಿಂದ ಉಣ್ಣುತ್ತಿರುವವರು, ಅಂದರೆ ಬೇರೆಯವರನ್ನು ಕರೆತರಬೇಕಾದವರೇ.

ಅದಕ್ಕೆ ಪ್ರಕಟಣೆಯಲ್ಲೇ ಸಂಖ್ಯೆ ಇರಲಿ: ‘10 ಜಾಗ ಇದೆ’. ಹೊಸಬರು ಸೋಮವಾರ ಮಾತ್ರ ಶುರು ಮಾಡುವುದು, ಒಂದು ಸೋಮವಾರಕ್ಕೆ ನಾಲ್ಕು ಜನ. ನಾಲ್ಕು, ನಾಲ್ಕು, ಎರಡು, ಮೂರು ವಾರದಲ್ಲಿ ತುಂಬಿತು. ಸುಮ್ಮನೆ ‘ತ್ವರೆ ಮಾಡಿ’ ಅನ್ನುವುದಕ್ಕಿಂತ ನಿಜವಾದ ‘10 ಜಾಗ’ ಹೆಚ್ಚು ಚುರುಕು ಮುಟ್ಟಿಸುತ್ತದೆ. ಆದರೆ ಹತ್ತು ತುಂಬಿದ ಮೇಲೂ ಹನ್ನೊಂದನೆಯವರನ್ನು ತೆಗೆದುಕೊಂಡರೆ ಮುಂದಿನ ಸಲ ಆ ಮಾತನ್ನು ಯಾರೂ ನಂಬುವುದಿಲ್ಲ.

ಪ್ರದೇಶದ ಮಾತೂ ಇಲ್ಲೇ. ಈಗ ಡಬ್ಬಿ ಹೋಗುವ ದಾರಿಯಲ್ಲೇ, ಅದೇ ಕಟ್ಟಡದಲ್ಲೇ ಇನ್ನೊಬ್ಬರು ಸೇರಿದರೆ ತಲುಪಿಸುವ ₹14ರಲ್ಲಿ ಬಹುಪಾಲು ಉಳಿಯುತ್ತದೆ. ಗಿರಾಕಿಯ ಗೆಳೆಯ ವೈಟ್‌ಫೀಲ್ಡಿನಲ್ಲಿದ್ದರೆ ಆ ಪರಿಚಯದಿಂದ ನಿಮಗೆ ಪ್ರಯೋಜನವಿಲ್ಲ. ‘ವಿಜಯನಗರ, ಹಂಪಿನಗರ, ಅತ್ತಿಗುಪ್ಪೆ ಮಾತ್ರ’ ಎಂದು ಬರೆದರೆ ಆಮೇಲೆ ‘ಇಲ್ಲ’ ಎಂದು ಹೇಳುವ ಮುಜುಗರ ತಪ್ಪುತ್ತದೆ.

ನಿಯಮಗಳು ಸರಳವಾಗಿರಬೇಕು ಅಂದಾಗ ಕೆಲವರು ನಿಯಮವನ್ನೇ ಬಿಟ್ಟುಬಿಡುತ್ತಾರೆ. ಬೇಕಾದ್ದು ಕೆಲವೇ ನಿಯಮ, ಒಂದೊಂದೂ ಬರಲಿರುವ ಒಂದು ಜಗಳಕ್ಕೆ ಮೊದಲೇ ಕೊಟ್ಟ ಉತ್ತರ. ಬರುವ ಜಗಳಗಳೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ಮೊದಲನೆಯದು, ಒಬ್ಬ ಹೊಸಬರನ್ನು ಇಬ್ಬರು ‘ನಾನು ಸೇರಿಸಿದ್ದು’ ಅನ್ನುವುದು. ಒಂದೇ ಪಿ.ಜಿ.ಯಲ್ಲಿ ಮೂವರು ನಿಮ್ಮ ಡಬ್ಬಿ ಉಣ್ಣುತ್ತಿದ್ದರೆ ಇದು ಖಂಡಿತ ಬರುತ್ತದೆ. ಪರಿಹಾರ: ಸೇರುವವರು ತಾವೇ ಮೆಸೇಜ್ ಮಾಡಬೇಕು, ಆ ಮೊದಲ ಮೆಸೇಜಿನಲ್ಲಿ ಯಾರ ಹೆಸರಿದೆಯೋ ಅವರಿಗೇ ಬಹುಮಾನ. ಆಮೇಲೆ ಹೆಸರು ಬದಲಿಸುವಂತಿಲ್ಲ. ಇದರಿಂದ ಇನ್ನೊಂದು ಒಳ್ಳೆಯದೂ ಆಗುತ್ತದೆ. ‘ನಿಮ್ಮ ಫ್ರೆಂಡ್ ನಂಬರ್ ಕಳಿಸಿ, ನಾವೇ ಮಾತಾಡುತ್ತೇವೆ’ ಎಂದು ಕೇಳಬೇಕಾಗುವುದಿಲ್ಲ. ಬೇರೆಯವರ ನಂಬರನ್ನು ಅವರಿಗೆ ಗೊತ್ತಿಲ್ಲದೆ ಪಡೆದು ಫೋನ್ ಮಾಡಿದರೆ ಅವರು ಮೊದಲು ಸಿಡುಕುವುದು ನಿಮ್ಮ ಮೇಲಲ್ಲ, ನಂಬರ್ ಕೊಟ್ಟವರ ಮೇಲೆ.

ಎರಡನೆಯದು, ಹಳಬರೇ ಹೊಸಬರಾಗಿ ಬರುವುದು. ಹೋದ ತಿಂಗಳು ಬಿಟ್ಟವರು ಈ ತಿಂಗಳು ಗೆಳೆಯನ ಹೆಸರು ಹೇಳಿ ಸೇರಿದರೆ? ‘ಕಳೆದ ಆರು ತಿಂಗಳಲ್ಲಿ ನಮ್ಮಲ್ಲಿ ಊಟ ತೆಗೆದುಕೊಂಡಿರಬಾರದು’ ಅನ್ನುವ ಒಂದು ಸಾಲು ಸಾಕು. ಆರು ತಿಂಗಳು ದೂರವಿದ್ದವರನ್ನು ಮರಳಿ ಕರೆತಂದರೆ ಬಹುಮಾನ ಕೊಡುವುದು ನ್ಯಾಯವೇ.

ಮೂರನೆಯದು, ಗಂಡ ಹೆಂಡತಿ ಇಬ್ಬರು ಸೇರಿದರೆ ಒಬ್ಬರೋ ಇಬ್ಬರೋ ಎಂಬುದು. ತಲೆ ಎಣಿಸಬೇಡಿ, ಡಬ್ಬಿ ಎಣಿಸಿ. ಎರಡು ಡಬ್ಬಿಗೆ ತಿಂಗಳ ಹಣ ಬಂದಿದ್ದರೆ ಎರಡು ಬಹುಮಾನ.

ಇದರ ಜೊತೆಗೆ ಒಬ್ಬರಿಗೆ ಮೂರು ಡಬ್ಬಿಯವರೆಗೆ ಎಂಬ ಮಿತಿ. ಇರುವ ಹತ್ತು ಜಾಗವನ್ನು ಒಬ್ಬನೇ ತುಂಬಿಸಿ ಇಪ್ಪತ್ತು ಊಟ ಬಾಕಿ ಹೇಳಿದರೆ ಅಡುಗೆಮನೆಗೂ ಭಾರ, ಬಾಕಿಯವರಿಗೂ ಬೇಸರ.

ಕೆಲವರು ಇನ್ನೂ ಮುಂದೆ ಹೋಗಿ, ‘ನೀವು ಸೇರಿಸಿದವರು ಮತ್ತೊಬ್ಬರನ್ನು ಸೇರಿಸಿದರೆ ನಿಮಗೂ ಅರ್ಧ ಊಟ’ ಎಂದು ಸರಪಳಿ ಕಟ್ಟುತ್ತಾರೆ. ಬೇಡ. ಬಹುಮಾನ ಒಂದೇ ಹಂತಕ್ಕೆ ನಿಲ್ಲಲಿ. ಜನರನ್ನು ಸೇರಿಸಿ ಹಣ ಮಾಡುವ ಸರಪಳಿ ಯೋಜನೆಗಳನ್ನು ತಡೆಯಲು 1978ರಿಂದಲೇ ಕೇಂದ್ರದ ಕಾಯ್ದೆ ಇದೆ, 2021ರ ನೇರ ಮಾರಾಟ ನಿಯಮಗಳೂ ಪಿರಮಿಡ್ ಯೋಜನೆಯನ್ನು ನಿಷೇಧಿಸುತ್ತವೆ. ನಾಲ್ಕು ಡಬ್ಬಿ ಹುಳಿ ಅನ್ನಕ್ಕಾಗಿ ಆ ಗೆರೆಯ ಹತ್ತಿರವೂ ಸುಳಿಯುವ ಅಗತ್ಯವಿಲ್ಲ. ಲಕ್ಕಿ ಡ್ರಾ ಕೂಡ ಬೇಡ. ಕರೆತಂದ ಎಲ್ಲರಿಗೂ ಒಂದೇ ಬಹುಮಾನ ಕೊಡುವಾಗ ಚೀಟಿ ಎತ್ತುವ ಕೆಲಸವೇ ಇಲ್ಲ.

ಇಷ್ಟು ತೀರ್ಮಾನವಾದ ಮೇಲೆ ಬರೆಯಲು ಕೂರಬಹುದು. ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯವಿದೆ. ಈ ಸಂದೇಶಕ್ಕೆ ಓದುಗರು ಇಬ್ಬರು. ಒಬ್ಬರು ಈಗಾಗಲೇ ನಿಮ್ಮ ಊಟ ಉಣ್ಣುತ್ತಿರುವವರು. ಅವರಿಗೆ ರುಚಿಯ ಬಗ್ಗೆ ಹೇಳಬೇಕಿಲ್ಲ, ಬಹುಮಾನ ಮತ್ತು ನಿಯಮ ಹೇಳಿದರೆ ಸಾಕು. ಇನ್ನೊಬ್ಬರು ನಿಮ್ಮನ್ನು ಕಂಡೇ ಇಲ್ಲದವರು. ಅವರಿಗೆ ಬೇಕಾದ್ದು ಊಟದಲ್ಲಿ ಏನಿರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹಣ ಅನ್ನುವುದು. ಒಂದೇ ಸಂದೇಶದಲ್ಲಿ ಎರಡನ್ನೂ ತುರುಕಿದರೆ ಅದು ಉದ್ದವಾಗಿ, ‘ಇನ್ನಷ್ಟು ಓದಿ’ ಎಂಬುದರ ಹಿಂದೆ ಅಡಗಿ ಕೂರುತ್ತದೆ. ಮೇಲಾಗಿ ಹೊಸಬರ ಕಣ್ಣಿಗೆ ಮೊದಲು ಬೀಳುವುದು ‘ನಿಮ್ಮ ಜೊತೆ ಒಬ್ಬರು ಸೇರಿದರೆ ನಿಮಗೆ ಎರಡು ಊಟ’. ಓಹೋ, ಇವನು ನನಗೆ ಹೇಳುತ್ತಿರುವುದು ಇದಕ್ಕೆ ಎಂದುಕೊಳ್ಳುತ್ತಾರೆ. ಹಾಗಾಗಿ ಎರಡು ಸಂದೇಶ ಬರೆಯಿರಿ, ಒಂದರ ಹಿಂದೆ ಒಂದು ಕಳಿಸಿ. ಮೊದಲನೆಯದು ಗಿರಾಕಿಗೆ:

*ನಿಮ್ಮ ಪರಿಚಯದವರು ಸೇರಿದರೆ ನಿಮಗೆ ಎರಡು ಊಟ, ಅವರಿಗೆ ಒಂದು ಊಟ ನಮ್ಮ ಕಡೆಯಿಂದ*

ನಮಸ್ಕಾರ. ಜುಲೈ ತಿಂಗಳಿಗೆ ಮಧ್ಯಾಹ್ನದ ಊಟಕ್ಕೆ 10 ಜಾಗ ಇದೆ.
ನೀವು ಮಾಡಬೇಕಾದ್ದು: ಮುಂದಿನ ಮೆಸೇಜನ್ನು ನಿಮ್ಮ ಪರಿಚಯದವರಿಗೆ ಕಳಿಸಿ. ಸೇರುವವರು ತಾವೇ ನಮಗೆ ಮೆಸೇಜ್ ಮಾಡಿ ನಿಮ್ಮ ಹೆಸರು ಹೇಳಬೇಕು. ಮೊದಲು ಹೇಳಿದ ಹೆಸರಿಗೇ ಬಹುಮಾನ.
ಊಟ ಸಿಗುವುದು: ಅವರು ತಿಂಗಳ ಹಣ ಕೊಟ್ಟು 12 ಊಟ ಆದ ಮೇಲೆ. ನಾವೇ ನಿಮಗೆ ಮೆಸೇಜ್ ಮಾಡುತ್ತೇವೆ.
ಬಳಸುವುದು: 60 ದಿನದೊಳಗೆ, ಹಿಂದಿನ ರಾತ್ರಿ 8ರೊಳಗೆ ತಿಳಿಸಿ. ಹಬ್ಬದ ಊಟಕ್ಕೆ ಇಲ್ಲ, ಹಣವಾಗಿ ಕೊಡುವುದಿಲ್ಲ.
ಕಳೆದ 6 ತಿಂಗಳಲ್ಲಿ ನಮ್ಮಲ್ಲಿ ಊಟ ತೆಗೆದುಕೊಂಡವರು ಲೆಕ್ಕಕ್ಕಿಲ್ಲ. ಒಬ್ಬರಿಗೆ 3 ಡಬ್ಬಿಯವರೆಗೆ.
ಜುಲೈ 15ರವರೆಗೆ, ಅಥವಾ 10 ಜಾಗ ತುಂಬುವವರೆಗೆ, ಯಾವುದು ಮೊದಲೋ ಅದು.

ಎರಡನೆಯದು ಫಾರ್ವರ್ಡ್ ಮಾಡಲು:

*ವಿಜಯನಗರದಲ್ಲಿ ಮನೆ ಊಟ, ಮಧ್ಯಾಹ್ನ 12:15ರಿಂದ 1ರೊಳಗೆ ನಿಮ್ಮ ಬಾಗಿಲಿಗೆ*

3 ಚಪಾತಿ, ಪಲ್ಯ, ಅನ್ನ, ಹುಳಿ ಅಥವಾ ಸಾರು, ಮಜ್ಜಿಗೆ. ಸಸ್ಯಾಹಾರ. ಈರುಳ್ಳಿ, ಬೆಳ್ಳುಳ್ಳಿ ಹಾಕುತ್ತೇವೆ. ಬೇಡದವರು ಮೊದಲೇ ಕೇಳಿ.
ಸೋಮವಾರದಿಂದ ಶನಿವಾರ. 26 ಊಟಕ್ಕೆ ₹2,340. ರುಚಿ ನೋಡಲು ಒಂದು ಊಟ ₹90.
ವಿಜಯನಗರ, ಹಂಪಿನಗರ, ಅತ್ತಿಗುಪ್ಪೆ ಮಾತ್ರ. ಹೊಸಬರಿಗೆ ಸೋಮವಾರ ಶುರು.
ಸೇರಲು ಈ ನಂಬರಿಗೆ ಮೆಸೇಜ್ ಮಾಡಿ: ನಿಮ್ಮ ಹೆಸರು, ವಿಳಾಸ, ನಿಮಗೆ ಹೇಳಿದವರ ಹೆಸರು. 12 ಊಟ ಆದ ಮೇಲೆ ನಿಮಗೆ ಒಂದು ಊಟ, ಅವರಿಗೆ ಎರಡು ಊಟ ನಮ್ಮ ಕಡೆಯಿಂದ.

ಇದರ ಕೆಳಗೆ ಫೋನ್ ನಂಬರು ಮತ್ತು ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯ ಸಂಖ್ಯೆ ಹಾಕಿ. ಫಾರ್ವರ್ಡ್ ಆದ ಸಂದೇಶ ನಿಮ್ಮ ಪರಿಚಯವಿಲ್ಲದವರ ಕೈಗೆ ಹೋಗುತ್ತದೆ, ಅಲ್ಲಿ ‘ಶುದ್ಧ, ಆರೋಗ್ಯಕರ’ ಎಂಬ ನಾಲ್ಕು ವಿಶೇಷಣಕ್ಕಿಂತ ಆ ಒಂದು ಸಂಖ್ಯೆ ಹೆಚ್ಚು ಕೆಲಸ ಮಾಡುತ್ತದೆ. ಹೇಳಿದವರಿಗೂ ಎರಡು ಊಟ ಸಿಗುತ್ತದೆ ಎಂಬುದನ್ನು ಎರಡನೇ ಸಂದೇಶದಲ್ಲೂ ಮುಚ್ಚಿಡಬಾರದು. ಕೊನೆಯಲ್ಲಿ ಒಂದು ಸಾಲಾಗಿ ಬಂದರೆ ಅದು ಯಾರಿಗೂ ಚುಚ್ಚುವುದಿಲ್ಲ. ಆಮೇಲೆ ಬೇರೆಯವರಿಂದ ಗೊತ್ತಾದರೆ ಮಾತ್ರ ಚುಚ್ಚುತ್ತದೆ. ತಲೆಬರಹದ ಎರಡೂ ಕಡೆ ನಕ್ಷತ್ರ ಚಿಹ್ನೆ ಇಟ್ಟರೆ ವಾಟ್ಸಾಪಿನಲ್ಲಿ ಅಕ್ಷರ ದಪ್ಪಗಾಗುತ್ತದೆ. ದಪ್ಪ ಅಕ್ಷರ ಅಲ್ಲೊಂದೇ ಕಡೆ ಸಾಕು. ಎಲ್ಲ ಸಾಲನ್ನೂ ದಪ್ಪ ಮಾಡಿದರೆ ಯಾವುದೂ ಎದ್ದು ಕಾಣುವುದಿಲ್ಲ.

ಹಿಂದಿನ ರಾತ್ರಿ ಎಂಟರ ಗಡುವು ಅಧಿಕಾರಕ್ಕಾಗಿ ಹಾಕಿದ್ದಲ್ಲ. ಬೆಳಿಗ್ಗೆ ಹತ್ತಕ್ಕೆ ‘ಇವತ್ತು ಒಂದು ಡಬ್ಬಿ ಜಾಸ್ತಿ ಕಳಿಸಿ’ ಎಂದರೆ ಅಷ್ಟು ಹೊತ್ತಿಗೆ ಹಿಟ್ಟು ನಾದಿ ಆಗಿರುತ್ತದೆ, ಬೇಳೆ ಕುಕ್ಕರಿಗೆ ಬಿದ್ದಿರುತ್ತದೆ. ಹಾಗೇ 60 ದಿನದ ಮಿತಿ ಇಲ್ಲದಿದ್ದರೆ ಬಾಕಿ ಊಟಗಳೆಲ್ಲ ದಸರಾ ರಜೆಯಲ್ಲಿ, ಅಪ್ಪ ಅಮ್ಮ ಊರಿಂದ ಬಂದಾಗ, ಒಟ್ಟಿಗೇ ಬಂದು ನಿಲ್ಲುತ್ತವೆ.

ಕಳಿಸುವುದು ಯಾವಾಗ? ತಿಂಗಳ 24, 25ರ ಹೊತ್ತು ಒಳ್ಳೆಯದು. ಒಂದನೇ ತಾರೀಖಿಗೆ ಮೆಸ್ ಬದಲಿಸಬೇಕು ಎಂದುಕೊಂಡವರು ಆಗಲೇ ವಿಚಾರಿಸುತ್ತಿರುತ್ತಾರೆ. ಕಳಿಸುವ ಹೊತ್ತು ಊಟವಾದ ಮೇಲೆ, ಎರಡರಿಂದ ಮೂರರ ನಡುವೆ. ಹುಳಿಗೆ ಉಪ್ಪು ಹೆಚ್ಚಾದ ದಿನ ಕಳಿಸಬೇಡಿ ಎಂದು ಹೇಳಬೇಕಿಲ್ಲ ತಾನೇ.

ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ತಲುಪಿಸುವ ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು, ಮನೆ ಅಡುಗೆಗೆ ಅದು ಧಾರಾಳ. ತೊಡಕು ಬೇರೆ ಕಡೆ ಇದೆ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಕಳಿಸಿದ ಸಂದೇಶದ ವಿವರ ತೆರೆದು ನೋಡಿದರೆ ಯಾರಿಗೆ ತಲುಪಿದೆ ಎಂಬುದು ಕಾಣುತ್ತದೆ. ಮರುದಿನವೂ ಆ ಪಟ್ಟಿಯಲ್ಲಿ ಇಲ್ಲದವರಿಗೆ ಬೇರೆಯಾಗಿ ಕಳಿಸಿ. ಗಿರಾಕಿಗಳನ್ನೆಲ್ಲ ಒಂದೇ ಗುಂಪಿಗೆ ಹಾಕಿ ಪ್ರಕಟಿಸುವುದು ಸುಲಭ ಎನಿಸಬಹುದು, ಆದರೆ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಒಬ್ಬರ ‘ಪಲ್ಯ ಸಪ್ಪೆ’ ಎಂಬ ಮಾತು ಎಲ್ಲರ ಮಾತಾಗುತ್ತದೆ. ಚೀಟಿ ಅಚ್ಚು ಹಾಕಿಸಿದರೆ ಡಬ್ಬಿಯ ಹೊರಗೆ, ಚೀಲದ ಹಿಡಿಕೆಗೆ ಕಟ್ಟಿ. ಒಳಗಿಟ್ಟರೆ ಹಬೆಗೆ ನೆನೆದು ಶಾಯಿ ಅನ್ನಕ್ಕೆ ಅಂಟುತ್ತದೆ.

ಇನ್ನು ಲೆಕ್ಕದ ಪುಸ್ತಕ. ನೂರು ಪುಟದ ನೋಟ್‌ಬುಕ್ಕು ಸಾಕು. ಹೊಸಬರ ಹೆಸರು, ಮೊದಲ ಮೆಸೇಜ್ ಬಂದ ದಿನ, ಹೇಳಿದವರ ಹೆಸರು, ಹಣ ಬಂದ ದಿನ, ಹನ್ನೆರಡನೇ ಊಟದ ದಿನ, ಬಹುಮಾನದ ಊಟ ಕಳಿಸಿದ ದಿನ. ಇದರಲ್ಲಿ ಐದನೆಯ ಅಂಕಣವೇ ಮುಖ್ಯ. ಅದು ತುಂಬಿದ ಸಂಜೆಯೇ ನೀವಾಗಿ ಮೆಸೇಜ್ ಮಾಡಿ: ‘ನಿಮ್ಮ ಗೆಳೆಯರ 12 ಊಟ ಇವತ್ತಿಗೆ ಆಯಿತು. ನಿಮ್ಮ ಲೆಕ್ಕದಲ್ಲಿ ಎರಡು ಊಟ ಇದೆ, ಸೆಪ್ಟೆಂಬರ್ 16ರೊಳಗೆ ಯಾವತ್ತು ಬೇಕು ಹೇಳಿ.’ ಅವರು ಕೇಳಿ ಪಡೆಯುವಂತಾದರೆ ಕೊಟ್ಟ ಊಟದ ಅರ್ಧ ಬೆಲೆ ಹೋಯಿತು. ಕೇಳದೇ ಬಂದರೆ ಇನ್ನೊಬ್ಬರಿಗೆ ಹೇಳುತ್ತಾರೆ.

ಹತ್ತನೇ ಜಾಗ ತುಂಬಿದ ದಿನವೂ ಒಂದು ಸಂದೇಶ ಹೋಗಬೇಕು, ಇದನ್ನು ಯಾರೂ ಕಳಿಸುವುದಿಲ್ಲ. ‘ಜುಲೈನ 10 ಜಾಗ ತುಂಬಿದೆ. ಇನ್ನು ವಿಚಾರಿಸುವವರ ಹೆಸರು ಬರೆದಿಟ್ಟುಕೊಳ್ಳುತ್ತೇವೆ, ಜಾಗ ಆದಾಗ ಅದೇ ಸಾಲಿನಲ್ಲಿ ಕರೆಯುತ್ತೇವೆ, ಅವರು ಹೇಳಿದ ನಿಮ್ಮ ಹೆಸರೂ ಜೊತೆಗೆ ಇರುತ್ತದೆ. ಈಗಾಗಲೇ ಸೇರಿದವರ 12 ಊಟ ಆದ ಹಾಗೆ ನಿಮ್ಮ ಊಟ ನಿಮಗೆ ಬರುತ್ತದೆ.’ ಈ ಸಂದೇಶ ಹೋಗದಿದ್ದರೆ ಹಳೆಯ ಫಾರ್ವರ್ಡ್ ನವೆಂಬರ್‌ವರೆಗೂ ಓಡಾಡುತ್ತಿರುತ್ತದೆ, ಅದನ್ನು ಹಿಡಿದು ಬಂದವರಿಗೆಲ್ಲ ಜುಲೈ 15ರ ಸಾಲನ್ನು ತೋರಿಸುತ್ತಿರಬೇಕಾಗುತ್ತದೆ.